ಒಂದು–ಎರಡನೇ ತರಗತಿಯ ಜೀವಿ–ನಿರ್ಜೀವಿ ಹಾಳೆ: ಬೀಜವನ್ನು ಯಾವ ಕಡೆ ಹಾಕಿಸೋದು?

ಸುಮಾ ಟೀಚರ್, ಹಾಸನ ಕಡೆ

ಎಲ್ಲರಿಗೂ ನಮಸ್ಕಾರ. ನಮ್ಮದು ನಲಿಕಲಿ ತರಗತಿ. ಒಂದರಿಂದ ಮೂರರವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಪರಿಸರ ಅಧ್ಯಯನಕ್ಕೆ ಅಂತ ಒಂದು ಅಭ್ಯಾಸ ಹಾಳೆ ತಯಾರು ಮಾಡಿದ್ದೆ. ಹನ್ನೆರಡು ಚಿತ್ರ: ಹಸು, ಇರುವೆ, ಕೋಳಿ, ಮೀನು, ತೆಂಗಿನ ಮರ, ಹುಲ್ಲು, ಹುರುಳಿ ಬೀಜ, ಕಲ್ಲು, ಕೊಡ, ಬಸ್ಸು, ಸೂರ್ಯ, ಮರದ ಬೆಂಚು. ಚಿತ್ರ ಕತ್ತರಿಸಿ ಎರಡು ಕಾಲಂನಲ್ಲಿ ಅಂಟಿಸಬೇಕು. ಕೆಳಗೆ ಅರ್ಧ ಪುಟ ಖಾಲಿ. ಅಲ್ಲಿ "ನಿನಗೆ ಇಷ್ಟವಾದ ಒಂದು ಜೀವಿ, ಒಂದು ನಿರ್ಜೀವಿ ಚಿತ್ರ ಬರೆ" ಅಂತ ಹಾಕಿದ್ದೆ.

ಹಸು, ಕೋಳಿ, ಮೀನು ಎಲ್ಲರೂ ಸರಿಯಾಗಿಯೇ ಅಂಟಿಸಿದರು. ಸೂರ್ಯನನ್ನು ಮುಕ್ಕಾಲು ಪಾಲು ಮಕ್ಕಳು ಜೀವಿ ಕಡೆಗೆ ಹಾಕಿದರು. ಬಸ್ಸು ಅರ್ಧ ಆ ಕಡೆ, ಅರ್ಧ ಈ ಕಡೆ. ತೆಂಗಿನ ಮರವನ್ನು ಕೆಲವರು ಕಲ್ಲಿನ ಪಕ್ಕ ಅಂಟಿಸಿದ್ದರು. ಬೀಜವನ್ನಂತೂ ಹೆಚ್ಚುಕಮ್ಮಿ ಎಲ್ಲರೂ ನಿರ್ಜೀವಿ ಅಂದರು. ಯಾಕೆ ಅಂತ ಕೇಳಿದರೆ ಎರಡನೇ ತರಗತಿಯ ಒಬ್ಬಳು, "ಅಮ್ಮ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದಾಳೆ ಮಿಸ್, ಜೀವ ಇದ್ದಿದ್ರೆ ಸತ್ತು ಹೋಗ್ತಿತ್ತು" ಅಂದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಚಿತ್ರದ ಜಾಗದಲ್ಲಿ ಬಂದದ್ದು ಎಲ್ಲರಿಗೂ ಗೊತ್ತಿರುವ ಚಿತ್ರವೇ. ಎರಡು ಗುಡ್ಡ, ನಡುವೆ ಸೂರ್ಯ, ಒಂದು ಮನೆ, ಒಂದು ತೆಂಗಿನ ಮರ. ಅದನ್ನು ನೋಡಿ ಮಗುವಿಗೆ ಏನು ಅರ್ಥವಾಗಿದೆ ಅಂತ ಹೇಳೋಕೆ ಆಗಲ್ಲ.

ಹಾಳೆಯನ್ನು ಹೇಗೆ ತಿದ್ದಲಿ? ಬೀಜ ಇಡಲಾ, ತೆಗೆದುಬಿಡಲಾ?

ಗಿರೀಶ್ ಬಿ.

ಇದು ಸಿಂಪಲ್ ಅಲ್ವಾ ಮೇಡಂ? ಚಲಿಸಬೇಕು, ಉಸಿರಾಡಬೇಕು, ತಿನ್ನಬೇಕು, ಬೆಳೆಯಬೇಕು, ಮರಿ ಹಾಕಬೇಕು. ಈ ಐದು ಇದ್ದರೆ ಜೀವಿ, ಇಲ್ಲದಿದ್ದರೆ ನಿರ್ಜೀವಿ. ನಾವೂ ಹಾಗೇ ಬಾಯಿಪಾಠ ಮಾಡಿದ್ದು. ಡಬ್ಬಿಯಲ್ಲಿರುವ ಬೀಜ ಉಸಿರಾಡಲ್ಲ, ತಿನ್ನಲ್ಲ, ಅಲ್ಲಾಡಲ್ಲ. ಹಾಗಾಗಿ ಅದು ನಿರ್ಜೀವಿ. ನೀರು ಹಾಕಿದ ಮೇಲೆ ಜೀವಿ ಆಗುತ್ತದೆ. ಮಕ್ಕಳು ಹೇಳಿದ್ದೇ ಸರಿ.

ನಾಗರಾಜ್, ಬೀಜ ಪರೀಕ್ಷೆ (ನಿವೃತ್ತ)

ಗಿರೀಶ್ ಅವರೇ, ಪಟ್ಟಿ ಸರಿ ಇದೆ, ಕೊನೆಯ ಮಾತು ಸರಿ ಇಲ್ಲ. ಒಣ ಬೀಜ ಉಸಿರಾಡುತ್ತದೆ. ಬಹಳ ನಿಧಾನವಾಗಿ, ಅಷ್ಟೇ. ಸರಿಯಾಗಿ ಒಣಗಿಸದ ಜೋಳದ ರಾಶಿಯೊಳಗೆ ಕೈ ಹಾಕಿ ನೋಡಿದ್ದೀರಾ? ಒಳಗೆ ಬಿಸಿ ಇರುತ್ತದೆ. ಕಾಳಿನ ಉಸಿರಾಟ, ಅದಕ್ಕೆ ಹಿಡಿದ ಬೂಷ್ಟು, ಹುಳ ಎಲ್ಲ ಸೇರಿ ಆ ಬಿಸಿ ಬರುತ್ತದೆ. ಚೆನ್ನಾಗಿ ಒಣಗಿದ ಬೀಜದಲ್ಲಿ ಈ ಕೆಲಸ ಎಷ್ಟು ಕಮ್ಮಿ ಅಂದರೆ ಕಣ್ಣಿಗೆ, ಕೈಗೆ ಗೊತ್ತೇ ಆಗಲ್ಲ. ಅದಕ್ಕೇ ಅದು ವರ್ಷಗಟ್ಟಲೆ ಬದುಕುತ್ತದೆ. ಇಸ್ರೇಲಿನ ಮಸಾಡ ಕೋಟೆಯಲ್ಲಿ ಸಿಕ್ಕ ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜವೊಂದನ್ನು 2005ರಲ್ಲಿ ನೆಟ್ಟಾಗ ಮೊಳೆತು ಗಿಡವಾಯಿತು.

"ನೀರು ಹಾಕಿದ ಮೇಲೆ ಜೀವ ಬರುತ್ತದೆ" ಅನ್ನೋದಾದರೆ ಹುರಿದ ಕಾಳಿಗೂ ನೀರು ಹಾಕಿದರೆ ಬರಬೇಕಿತ್ತಲ್ಲ? ಬರಲ್ಲ. ಜೀವ ಮೊದಲೇ ಒಳಗಿತ್ತು. ನೀರು ಅದನ್ನು ಕೆಲಸಕ್ಕೆ ಹಚ್ಚುತ್ತದೆ.

ಸುಮಾ ಮೇಡಂ, ಬೀಜ ತೆಗೆಯಬೇಡಿ. ನಿಮ್ಮ ಹಾಳೆಯಲ್ಲಿ ಮಕ್ಕಳನ್ನು ನಿಜವಾಗಿ ಯೋಚನೆಗೆ ಹಚ್ಚುವ ಚಿತ್ರ ಅದೊಂದೇ. ಆದರೆ ಅದನ್ನು ಹಾಳೆಯ ಮೇಲೆ ತೀರ್ಮಾನ ಮಾಡೋಕೆ ಆಗಲ್ಲ. ಕಾಳನ್ನೇ ತಂದು ಇಡಬೇಕು. ಹೇಗೆ ಅಂತ ರಾತ್ರಿ ಕೂತು ಬರೆಯುತ್ತೇನೆ.

ವಸುಧಾ (ಮಕ್ಕಳ ಚಿತ್ರ ಬರೆಯುತ್ತೇನೆ)

ಒಂದು ಪ್ರಶ್ನೆ. ಸೂರ್ಯನ ಚಿತ್ರ ಎಲ್ಲಿಂದ ತಗೊಂಡ್ರಿ? ಕಣ್ಣು, ಬಾಯಿ ಇರುವ ನಗುವ ಸೂರ್ಯನೇ?

ಸುಮಾ ಟೀಚರ್, ಹಾಸನ ಕಡೆ

ಹೌದು! ನೆಟ್‌ನಲ್ಲಿ ಉಚಿತವಾಗಿ ಸಿಕ್ಕಿದ್ದು. ಕೆನ್ನೆ ಕೆಂಪಗೆ ಇದೆ. ಬಸ್ಸಿಗೂ ಮುಂದೆ ಕಣ್ಣಿದೆ.

ವಸುಧಾ (ಮಕ್ಕಳ ಚಿತ್ರ ಬರೆಯುತ್ತೇನೆ)

ಹಾಗಾದರೆ ಅರ್ಧ ಸಮಸ್ಯೆ ಅಲ್ಲೇ ಇದೆ. ನಾವೇ ಕಣ್ಣು ಬಾಯಿ ಬರೆದು ಕೊಟ್ಟು, ಇದಕ್ಕೆ ಜೀವ ಇಲ್ಲ ಅನ್ನು ಅಂತ ಮಗುವಿಗೆ ಹೇಳಿದರೆ ಅದು ಏನು ಮಾಡಬೇಕು? ಈ ವಿಷಯದ ಹಾಳೆಯಲ್ಲಿ ಮುಖ ಇರುವ ಸೂರ್ಯ, ಮುಖ ಇರುವ ಮೋಡ, ಕಣ್ಣಿರುವ ರೈಲು ಯಾವುದೂ ಬೇಡ. ನಗುವ ಹೂವೂ ಬೇಡ. ಹೂವಿಗೆ ಜೀವ ಇದೆ ನಿಜ, ಆದರೆ ಮಗು ಅದನ್ನು ಬಾಯಿ ನೋಡಿ ಜೀವಿ ಕಡೆ ಹಾಕಿದರೆ ಉತ್ತರ ಸರಿ, ಕಾರಣ ತಪ್ಪು. ನಿಮಗದು ಗೊತ್ತೂ ಆಗಲ್ಲ.

ಇನ್ನೊಂದು ವಿಷಯ ಅಳತೆಯದ್ದು. ಇರುವೆಯನ್ನೂ ಹಸುವನ್ನೂ ಒಂದೇ ಚೌಕದಲ್ಲಿ ಒಂದೇ ಗಾತ್ರ ಹಾಕುತ್ತೇವಲ್ಲ, ಬೀಜಕ್ಕೂ ಹಾಗೇ ಮಾಡಿದರೆ ಮಕ್ಕಳಿಗೆ ಅದು ಕಲ್ಲಿನ ಹಾಗೇ ಕಾಣುತ್ತದೆ. ನಿಮ್ಮ ಹುರುಳಿ ಬೀಜವನ್ನು ಎಷ್ಟು ಮಕ್ಕಳು ಕಲ್ಲು ಅಂದುಕೊಂಡರು ಅಂತ ಕೇಳಿ ನೋಡಿ. ಚಿತ್ರದ ಬದಲು ನಿಜವಾದ ಕಾಳನ್ನೇ ಗೋಂದು ಹಚ್ಚಿ ಅಂಟಿಸಿ.

ಮಂಜು_ಟ್ಯೂಷನ್

ಸರ್, ಎಂಟನೇ ತರಗತಿ ಜೀವಕೋಶ ಪಾಠದ ಪ್ರಶ್ನೋತ್ತರ ಪಿಡಿಎಫ್ ಯಾರ ಹತ್ತಿರವಾದರೂ ಇದೆಯಾ? ಅರ್ಜೆಂಟ್ ಬೇಕಿತ್ತು.

ಸುಮಾ ಟೀಚರ್, ಹಾಸನ ಕಡೆ

ಮಂಜು ಅವರೇ, ಇದು ಒಂದು–ಎರಡನೇ ತರಗತಿ ಚರ್ಚೆ. ಬೇರೆ ಎಳೆ ಶುರು ಮಾಡಿ, ಹೈಸ್ಕೂಲ್‌ನವರು ನೋಡುತ್ತಾರೆ.

ವಸುಧಾ ಮೇಡಂ, ಕೇಳಿದೆ. ನಾಲ್ಕು ಮಕ್ಕಳು ಕಲ್ಲು ಅಂದುಕೊಂಡಿದ್ದರು. ಒಬ್ಬ ಮಾತ್ರೆ ಅಂದ.

ಬಸವರಾಜ ಮಾಸ್ತರ್, ಕೊಪ್ಪಳ

ಎಲ್ಲರೂ ಚಲೋ ಬರೆದೀರಿ. ನನ್ನದೂ ಎರಡು ಮಾತು.

ಮಕ್ಕಳು ಸೂರ್ಯ, ಬಸ್ಸು, ನದಿಗೆ ಜೀವ ಇದೆ ಅನ್ನೋದು ಹೊಸದಲ್ಲ. ಪಿಯಾಜೆ 1920ರ ದಶಕದಲ್ಲೇ ಸ್ವಿಟ್ಜರ್ಲೆಂಡಿನ ಮಕ್ಕಳನ್ನು ಕೇಳಿ ಇದನ್ನು ಬರೆದಿಟ್ಟಿದ್ದಾರೆ. ಮೊದಲು ಅಲುಗಾಡೋದಕ್ಕೆಲ್ಲ ಜೀವ ಇದೆ ಅಂತಾರೆ, ಆಮೇಲೆ ತಾನಾಗಿ ಅಲುಗಾಡೋದಕ್ಕೆ ಮಾತ್ರ ಅಂತಾರೆ, ಕೊನೆಗೆ ಪ್ರಾಣಿ–ಸಸ್ಯಕ್ಕೆ ಮಾತ್ರ. ಬಿ.ಇಡಿಯಲ್ಲಿ ಓದಿದ್ದು. ಸಣ್ಣವರಿಗೆ ಇದು ತಿಳಿಯೋದೇ ಇಲ್ಲ ಅಂದಮೇಲೆ ಯಾಕೆ ಒತ್ತಾಯ? ಮೂರನೇ ತರಗತಿವರೆಗೆ ಪ್ರಾಣಿ ಮತ್ತು ವಸ್ತು ಅಷ್ಟೇ ಇಟ್ಟರೆ ಸಾಕು ರೀ. ಗಿಡಕ್ಕೆ ಜೀವ ಇದೆ ಅಂತ ಕಂಡುಹಿಡಿದದ್ದೇ ಜಗದೀಶಚಂದ್ರ ಬೋಸರು, ಅದೂ ಎಷ್ಟೋ ಸಾವಿರ ವರ್ಷ ಆದಮೇಲೆ. ಅಷ್ಟು ಕಷ್ಟದ್ದನ್ನು ಆರು ವರ್ಷದ ಕೂಸಿಗೆ ಹೇಳಬೇಕಾ?

ಇನ್ನೊಂದು ಕಷ್ಟ. ನಮ್ಮ ಕಡೆ ಕಲ್ಲಿನ ಚಿತ್ರ ಇಟ್ಟರೆ "ಸರ್, ನಮ್ಮ ಹೊಲದಾಗಿನ ಕಲ್ಲು ದೇವರು, ಅದಕ್ಕೆ ಎಡೆ ಕೊಡತೀವಿ" ಅಂತಾರೆ. ಅದಕ್ಕೆ ಏನು ಹೇಳೋಣ?

ನಾಗರಾಜ್, ಬೀಜ ಪರೀಕ್ಷೆ (ನಿವೃತ್ತ)

ಬಸವರಾಜ ಸರ್, ಬೋಸರ ವಿಷಯ ಎಲ್ಲ ಕಡೆ ಹೀಗೇ ಹೇಳುತ್ತಾರೆ. ಗಿಡಕ್ಕೆ ಜೀವ ಇದೆ ಅನ್ನೋದು ಅವರಿಗಿಂತ ಬಹಳ ಹಿಂದೆಯೇ ಗೊತ್ತಿತ್ತು. ರೈತನಿಗಂತೂ ಯಾರೂ ಹೇಳಿಕೊಡಬೇಕಿರಲಿಲ್ಲ. ಬೋಸರು ಮಾಡಿದ್ದು ಬೇರೆ. ಗಿಡಗಳು ಹೊರಗಿನ ಪೆಟ್ಟಿಗೆ, ಬಿಸಿಗೆ, ವಿಷಕ್ಕೆ ಹೇಗೆ ಪ್ರತಿಕ್ರಿಯೆ ತೋರಿಸುತ್ತವೆ ಅಂತ ಅಳೆದರು. ಕಣ್ಣಿಗೆ ಕಾಣದಷ್ಟು ಸಣ್ಣ ಬೆಳವಣಿಗೆಯನ್ನು ದೊಡ್ಡದು ಮಾಡಿ ತೋರಿಸಲು ಕ್ರೆಸ್ಕೋಗ್ರಾಫ್ ಅನ್ನುವ ಯಂತ್ರ ಕಟ್ಟಿದರು.

ಪಿಯಾಜೆ ನಂತರವೂ ಕೆಲಸ ಆಗಿದೆ. ಜಪಾನಿನ ಇನಗಾಕಿ ಮತ್ತು ಹತಾನೊ ಅನ್ನುವವರು ಐದಾರು ವರ್ಷದ ಮಕ್ಕಳನ್ನು ನೋಡಿ ತೋರಿಸಿದ್ದು ಇದು: ನೀರು–ಆಹಾರ ಬೇಕು, ಬೆಳೆಯುತ್ತದೆ ಅನ್ನೋ ದಾರಿಯಿಂದ ಹೋದರೆ ಅಷ್ಟು ಸಣ್ಣವರೂ ಗಿಡವನ್ನು ಪ್ರಾಣಿಯ ಜೊತೆ ಸೇರಿಸುತ್ತಾರೆ. ಅಂದರೆ ಮಕ್ಕಳಿಗೆ ತಿಳಿಯಲ್ಲ ಅಂತಲ್ಲ. ನಾವು "ಚಲಿಸುತ್ತದೆಯೇ" ಅಂತ ಮೊದಲು ಕೇಳಿ ಅವರನ್ನು ಬಸ್ಸಿನ ಕಡೆ ಕಳಿಸುತ್ತೇವೆ.

ಹಾಗಾಗಿ ಸಣ್ಣವರಿಗೆ ಐದು ಲಕ್ಷಣ ಬೇಡ. ಚಲನೆ ಬಿಡಿ. ಉಸಿರಾಟವನ್ನೂ ಬಿಡಿ, ಗಿಡದಲ್ಲಿ ಅದನ್ನು ತೋರಿಸೋಕೆ ಆಗಲ್ಲ. ಮೂರು ಪ್ರಶ್ನೆ ಸಾಕು: ಅದಕ್ಕೆ ನೀರು ಅಥವಾ ಊಟ ಬೇಕಾ? ತಾನಾಗಿ ಬೆಳೆಯುತ್ತಾ? ಅದರಿಂದ ಅದರಂಥದ್ದೇ ಮರಿ ಬರುತ್ತಾ? ಬಸ್ಸು ಡೀಸೆಲ್ ಕುಡಿಯುತ್ತದೆ ಅಂತ ಮೊದಲ ಪ್ರಶ್ನೆಯಲ್ಲಿ ಪಾಸಾಗಬಹುದು. ಎರಡನೆಯದರಲ್ಲಿ ಸಿಕ್ಕಿಬೀಳುತ್ತದೆ. ಬೆಂಕಿ ಎರಡನೆಯದರಲ್ಲೂ ಪಾಸು, ಬಹಳ ಚಾಲಾಕು ಮಗು ಮೂರನೆಯದರಲ್ಲೂ ಪಾಸು ಮಾಡಿಸುತ್ತದೆ, ಒಂದು ದೀಪದಿಂದ ಇನ್ನೊಂದು ದೀಪ ಹಚ್ಚುತ್ತೇವಲ್ಲ. ಅದಕ್ಕೆ ಬೆಂಕಿಯ ಚಿತ್ರವನ್ನೇ ಈ ತರಗತಿಯ ಹಾಳೆಗೆ ಹಾಕಬೇಡಿ.

ಈಗ ಕಾಳಿನ ವಿಷಯ. ಹೆಸರುಕಾಳು ತಗೊಳ್ಳಿ. ಅಡುಗೆಮನೆಯದ್ದು. ಬಿತ್ತನೆಗೆ ಅಂತ ಮಾರುವ ಬೀಜ ಯಾವ ಕಾರಣಕ್ಕೂ ತರಬೇಡಿ. ಅದಕ್ಕೆ ಔಷಧಿ ಲೇಪಿಸಿರುತ್ತಾರೆ, ಮಕ್ಕಳು ಬಾಯಿಗೆ ಹಾಕುತ್ತಾರೆ. ಗುಲಾಬಿ, ನೀಲಿ, ಹಸಿರು ಬಣ್ಣ ಕೈಗೆ ಅಂಟಿದರೆ ಅದೇ ಗುರುತು.

ಒಂದು ಹಿಡಿ ಕಾಳು ಹಾಗೇ ಇರಲಿ. ಇನ್ನೊಂದು ಹಿಡಿಯನ್ನು ಬಾಣಲೆಯಲ್ಲಿ ಎಣ್ಣೆ ಹಾಕದೆ ಘಮ ಬರುವವರೆಗೆ ಹುರಿದು ಆರಿಸಿ. ಬೇಯಿಸಬೇಡಿ, ಬೆಂದದ್ದು ಮೆತ್ತಗಾಗುತ್ತದೆ, ಮಕ್ಕಳು "ಮೆತ್ತಗಿದೆ ಅದಕ್ಕೆ ಮೊಳೆಯಲಿಲ್ಲ" ಅಂತಾರೆ. ಹುರಿದದ್ದು ನೋಡೋಕೆ ಹೆಚ್ಚುಕಮ್ಮಿ ಹಸಿ ಕಾಳಿನ ಹಾಗೇ ಇರುತ್ತದೆ. ಮೂರನೆಯದು, ಅದೇ ಗಾತ್ರದ ಸಣ್ಣ ಕಲ್ಲು. ಮೂರನ್ನೂ ಬೇರೆ ಬೇರೆ ಲೋಟದಲ್ಲಿ ನೆನೆಸಿ. ಸೋಮವಾರ ಬೆಳಗ್ಗೆ ನೆನೆಸಿದರೆ ಶಾಲೆ ಬಿಡುವಾಗ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಹಸಿ ಕಾಳಿಗೆ ಕೆಂಪು ದಾರ, ಹುರಿದದ್ದಕ್ಕೆ ಬಿಳಿ ದಾರ, ಕಲ್ಲಿಗೆ ಕಪ್ಪು. ಮಂಗಳವಾರ ಮೊಳಕೆ ಇಣುಕುತ್ತದೆ, ಬುಧವಾರ ಚಿತ್ರ ಬರೆಯುವಷ್ಟು ಉದ್ದ ಬರುತ್ತದೆ. ಚಳಿಗಾಲದಲ್ಲಿ ಒಂದು ದಿನ ಜಾಸ್ತಿ ಹಿಡಿಯುತ್ತದೆ. ಗುರುವಾರ ಶುರು ಮಾಡಬೇಡಿ, ಭಾನುವಾರ ಮಧ್ಯೆ ಬಂದು ಬಟ್ಟೆ ಒಣಗುತ್ತದೆ.

ಇಲ್ಲಿ ಒಂದು ಗಮನಿಸಿ. ಹುರಿದ ಕಾಳೂ ನೀರು ಕುಡಿದು ಊದುತ್ತದೆ. ಹಸಿಯದ್ದೂ ಊದುತ್ತದೆ. ಊದುವುದು ಬೆಳೆಯುವುದಲ್ಲ. ಒಣ ಸ್ಪಂಜು ನೀರಿಗೆ ಹಾಕಿದರೂ ಊದುತ್ತದೆ. ನೆನೆಸಿದ ದಿನವೇ ಚಿತ್ರ ಬರೆಸಿದರೆ ಎರಡೂ ಒಂದೇ ಥರ ಕಾಣುತ್ತವೆ, ಮಕ್ಕಳು ಎರಡಕ್ಕೂ ಜೀವ ಇದೆ ಅಂತಾರೆ. ಬುಧವಾರದವರೆಗೆ ತಡೆಯಿರಿ.

ದೇವರ ಕಲ್ಲಿನ ವಿಷಯದಲ್ಲಿ ನನ್ನ ಹತ್ತಿರ ಉತ್ತರ ಇಲ್ಲ ಸರ್. ಯಾರಾದರೂ ಹೇಳಲಿ.

ವಸುಧಾ (ಮಕ್ಕಳ ಚಿತ್ರ ಬರೆಯುತ್ತೇನೆ)

ಹಾಗಾದರೆ ಚಿತ್ರದ ಕೆಲಸವನ್ನೂ ಇದಕ್ಕೇ ಜೋಡಿಸಿ. "ಇಷ್ಟವಾದದ್ದು ಬರೆ" ಅಂದರೆ ಮಗು ಕೈಗೆ ಅಭ್ಯಾಸವಾದದ್ದನ್ನೇ ಬರೆಯುತ್ತದೆ. ಕಣ್ಣೆದುರು ಒಂದು ಕಾಳು ಇಟ್ಟು ಅದನ್ನೇ ಬರೆ ಅನ್ನಿ.

ಅರ್ಧ ಪುಟದಲ್ಲಿ ಮೂರು ಚೌಕ, ಒಂದೊಂದೂ ಬೆಂಕಿಪೊಟ್ಟಣಕ್ಕಿಂತ ದೊಡ್ಡದು. ಕೆಂಪು, ಬಿಳಿ, ಕಪ್ಪು ದಾರದ ಗುರುತು ಮೇಲೆ. ಪೆನ್ಸಿಲ್ ಮಾತ್ರ. ಕ್ರೇಯಾನ್ ಕೊಟ್ಟರೆ ಬಣ್ಣ ತುಂಬೋದರಲ್ಲೇ ಹೊತ್ತು ಹೋಗುತ್ತದೆ, ಆ ದಪ್ಪ ತುದಿಯಲ್ಲಿ ಮೊಳಕೆ ಬರೆಯೋಕೂ ಆಗಲ್ಲ. ಹತ್ತು ನಿಮಿಷ ಸಾಕು. ಕಾಳನ್ನು ಚೌಕದ ಪಕ್ಕದಲ್ಲೇ ಇಡಿ, ಚೌಕ ತುಂಬುವಷ್ಟು ದೊಡ್ಡದಾಗಿ ಬರೆ ಅನ್ನಿ.

ಮುಗಿದ ಮೇಲೆ "ಇದು ಏನು, ಏನಾಗಿದೆ" ಅಂತ ಕೇಳಿ ಮಗು ಹೇಳಿದ ಮಾತನ್ನೇ ಕೆಳಗೆ ನೀವು ಬರೆಯಿರಿ. ತಿದ್ದಬೇಡಿ. ಒಂದನೇ ತರಗತಿ ಮಗುವಿನ ಚಿತ್ರ ಅದರ ಮಾತಿಲ್ಲದೆ ನಮಗೆ ಅರ್ಧವೇ ಗೊತ್ತಾಗೋದು.

ಮಗು ನೋಡಿ ಬರೆದಿದೆಯೋ ನೆನಪಿನಿಂದ ಬರೆದಿದೆಯೋ ಅಂತ ಹೇಳೋದು ಸುಲಭ. ಕಾಳಿನ ತಲೆಯ ಮೇಲೆ ಎರಡು ಎಲೆ ಬಂದಿದ್ದರೆ ಅದು ಪುಸ್ತಕದ ಚಿತ್ರ. ಮೊದಲು ಬರುವುದು ಬೇರು. ಹೆಸರುಕಾಳಿನ ಪಕ್ಕದಲ್ಲಿ ಒಂದು ಬಿಳಿ ಗೆರೆ ಇರುತ್ತದಲ್ಲ, ಅದರ ಹತ್ತಿರದಿಂದಲೇ ಬಾಗಿಕೊಂಡು ಬರುತ್ತದೆ.

ಗಿರೀಶ್ ಬಿ.

ನಾಗರಾಜ್ ಸರ್, ಒಪ್ಪಿದೆ. ಆದರೆ ವೈರಸ್ ಎಲ್ಲಿ ಹಾಕುತ್ತೀರಿ? ಕೊರೊನಾ ಸಮಯದಲ್ಲಿ ನನ್ನ ಮಗ ಕೇಳಿದ್ದ, ಅದಕ್ಕೆ ಜೀವ ಇದೆಯಾ ಅಪ್ಪಾ ಅಂತ.

ನಾಗರಾಜ್, ಬೀಜ ಪರೀಕ್ಷೆ (ನಿವೃತ್ತ)

ಅದನ್ನು ವಿಜ್ಞಾನಿಗಳೇ ಇನ್ನೂ ಚರ್ಚೆ ಮಾಡುತ್ತಿದ್ದಾರೆ. ಇನ್ನೊಂದು ಜೀವಿಯ ಒಳಗೆ ಹೋಗದೆ ವೈರಸ್ ತನ್ನಂಥದ್ದನ್ನು ಮಾಡಿಕೊಳ್ಳಲಾರದು. ಅದು ಕಣ್ಣಿಗೆ ಕಾಣಲ್ಲ, ಮಗುವಿನ ಕೈಗೆ ಸಿಗಲ್ಲ, ಹಾಳೆಯಲ್ಲಿ ಅದಕ್ಕೆ ಜಾಗ ಇಲ್ಲ. ಮನೆಯಲ್ಲಿ ಮಗ ಕೇಳಿದರೆ ಹೀಗೇ ಹೇಳಿ.

ರೇಖಾ ಅಮ್ಮ, ಬೆಂಗಳೂರು

ನಾನು ಟೀಚರ್ ಅಲ್ಲ. ಮಗಳು ಎರಡನೇ ತರಗತಿ. ಅವಳ ಶಾಲೆಯ ಹಾಳೆಯಲ್ಲಿ ಮೊಟ್ಟೆ ಇತ್ತು. ಅವಳು ಜೀವಿ ಕಡೆ ಬರೆದಿದ್ದಳು, ಅಜ್ಜಿ ಮನೆಯಲ್ಲಿ ಕೋಳಿ ಕಾವು ಕೂತು ಮರಿ ಬಂದದ್ದನ್ನು ನೋಡಿದ್ದಾಳೆ. ತಪ್ಪು ಅಂತ ಕೆಂಪು ಗೀಟು ಬಂತು. ಪಕ್ಕದ ಹುಡುಗಿ ನಿರ್ಜೀವಿ ಅಂದಿದ್ದಳು, ಅವಳಿಗೆ ಸ್ಟಾರ್. ಮಗಳು ಅತ್ತುಕೊಂಡು ಬಂದಳು. ಯಾವುದು ಸರಿ?

ನಾಗರಾಜ್, ಬೀಜ ಪರೀಕ್ಷೆ (ನಿವೃತ್ತ)

ಯಾವ ಮೊಟ್ಟೆ ಅನ್ನೋದರ ಮೇಲೆ ಹೋಗುತ್ತದೆ ಅಮ್ಮ. ನಿಮ್ಮ ಅಜ್ಜಿ ಮನೆಯಲ್ಲಿ ಹುಂಜ ಇದೆ. ಅಲ್ಲಿ ಕಾವಿಗೆ ಇಟ್ಟ ಮೊಟ್ಟೆಯೊಳಗೆ ಮರಿ ಬೆಳೆಯುತ್ತಿರುತ್ತದೆ. ಅಂಗಡಿಯಲ್ಲಿ ಸಿಗುವ ಫಾರಂ ಮೊಟ್ಟೆ ಹುಂಜ ಇಲ್ಲದ ಕಡೆ ಇಟ್ಟದ್ದು, ಎಷ್ಟು ಕಾವು ಕೊಟ್ಟರೂ ಮರಿ ಆಗಲ್ಲ. ನಿಮ್ಮ ಮಗಳು ತಾನು ಕಂಡ ಮೊಟ್ಟೆಯ ಬಗ್ಗೆ ಸರಿಯಾಗಿಯೇ ಹೇಳಿದ್ದಾಳೆ. ಹಾಳೆಯಲ್ಲಿ ಬರೀ ಬಿಳಿ ಮೊಟ್ಟೆಯ ಚಿತ್ರ ಕೊಟ್ಟರೆ ಎರಡೂ ಉತ್ತರಕ್ಕೆ ಜಾಗ ಇದೆ. ಕೆಂಪು ಗೀಟು ಹಾಕುವಂಥದ್ದಲ್ಲ.

ರೇಖಾ ಅಮ್ಮ, ಬೆಂಗಳೂರು

ಥ್ಯಾಂಕ್ಸ್ ಸರ್. ಇದನ್ನು ಅವಳಿಗೆ ಓದಿ ಹೇಳುತ್ತೇನೆ. ಟೀಚರಿಗೆ ಹೇಳೋಕೆ ನನಗೆ ಧೈರ್ಯ ಇಲ್ಲ.

ಶಶಿಕಲಾ, ಶಿರಸಿ

ಬಸವರಾಜ ಸರ್ ಕೇಳಿದ ದೇವರ ಕಲ್ಲಿನ ಬಗ್ಗೆ. ನಮ್ಮ ಕಡೆ ನಾಗರಕಲ್ಲು, ಚೌಡಿ ಕಲ್ಲು ಎಲ್ಲ ತೋಟದಲ್ಲೂ ಇವೆ. ನಾನು ಮಗುವಿನ ಜೊತೆ ವಾದಕ್ಕೆ ಹೋಗಲ್ಲ. "ಆ ಕಲ್ಲು ನಿಮ್ಮಜ್ಜ ಸಣ್ಣವರಿದ್ದಾಗ ಎಷ್ಟಿತ್ತು, ಈಗ ಎಷ್ಟಿದೆ ಅಂತ ಮನೆಯಲ್ಲಿ ಕೇಳಿಕೊಂಡು ಬಾ" ಅಂತ ಹೇಳುತ್ತೇನೆ. ಮಗು ಕೇಳಿಕೊಂಡು ಬರುತ್ತದೆ. ಪೂಜೆ ಪೂಜೆಯ ಜಾಗದಲ್ಲಿರಲಿ, ನಮ್ಮ ಪ್ರಶ್ನೆ ಬೆಳೆಯುತ್ತಾ ಅನ್ನೋದು ಅಷ್ಟೇ. ಹಾಳೆಗೆ ಮಾತ್ರ ಹೊಳೆಕಲ್ಲಿನ ಚಿತ್ರ ಹಾಕಿ, ಕುಂಕುಮ ಹಚ್ಚಿದ್ದು ಬೇಡ.

ನನಗೆ ಕಷ್ಟ ಆಗೋದು ಮರದ ಬೆಂಚು. "ಮರ ಜೀವಿ ಅಂದ್ರಿ, ಬೆಂಚು ಮರದ್ದೇ ಅಲ್ವಾ?" ಅಂತಾರೆ. ನಾನು ಮೂರನೇ ಕಾಲಂ ಇಟ್ಟಿದ್ದೇನೆ: ಮೊದಲು ಜೀವ ಇತ್ತು, ಈಗ ಇಲ್ಲ. ಸೌದೆ, ಒಣ ಎಲೆ, ಮರದ ಬೆಂಚು, ಹತ್ತಿ ಬಟ್ಟೆ ಅಲ್ಲಿ ಹೋಗುತ್ತವೆ.

ಬಸವರಾಜ ಮಾಸ್ತರ್, ಕೊಪ್ಪಳ

ಅಜ್ಜನ ಉಪಾಯ ಬೆಸ್ಟ್ ಅದ. ಮೂರನೇ ಕಾಲಂ ಮಾತ್ರ ನಾನು ಒಪ್ಪಲ್ಲ. ನಮ್ಮಲ್ಲಿ ಇಟ್ಟು ನೋಡಿದ್ವಿ. ಗೊತ್ತಾಗದ ಚಿತ್ರ ಎಲ್ಲಾ ಅಲ್ಲಿಗೇ ಹೋಗಿ ಬೀಳ್ತಾವ. ಸೂರ್ಯನೂ ಅಲ್ಲೇ, ಬಸ್ಸೂ ಅಲ್ಲೇ.

ಶಶಿಕಲಾ, ಶಿರಸಿ

ಅದು ಆಗುತ್ತದೆ ಸರ್, ನಿಜ. ಅದಕ್ಕೆ ಮೂರನೇ ಚೌಕದಲ್ಲಿ ಎರಡು ಚಿತ್ರಕ್ಕೆ ಮಾತ್ರ ಜಾಗ ಇಡಬೇಕು. ಮೂರನೆಯದನ್ನು ಹಾಕಬೇಕಾದರೆ ಒಂದನ್ನು ತೆಗೆಯಬೇಕು. ಆಗ ಮಗು ಯೋಚನೆ ಮಾಡುತ್ತದೆ. ಮಲೆನಾಡಿನ ಮಕ್ಕಳು ದಿನಾ ಸೌದೆ ನೋಡುತ್ತಾರೆ. ಕಡಿದ ಕೊಂಬೆ ಒಣಗೋದನ್ನು ನೋಡಿದ ಮಗುವಿಗೆ "ಬೆಂಚು ನಿರ್ಜೀವಿ, ಮುಗೀತು" ಅಂದರೆ ಅದಕ್ಕೆ ಸಮಾಧಾನ ಆಗಲ್ಲ.

ನಾಗರಾಜ್, ಬೀಜ ಪರೀಕ್ಷೆ (ನಿವೃತ್ತ)

ಇಬ್ಬರ ಮಾತಲ್ಲೂ ನ್ಯಾಯ ಇದೆ. ನಾನಾದರೆ ಒಂದನೇ ತರಗತಿಗೆ ಎರಡೇ ಕಾಲಂ ಇಟ್ಟು ಬೆಂಚಿನ ಬದಲು ಸ್ಟೀಲ್ ಲೋಟ ಹಾಕುತ್ತೇನೆ. ಮಗು ಕೇಳಿದರೆ ಬಾಯಲ್ಲಿ ಹೇಳಬಹುದು. ಹುರಿದ ಕಾಳನ್ನು ನೋಡಿದ ಮೇಲೆ ಅದು ಹೇಗೂ ಆ ಪ್ರಶ್ನೆಗೆ ಬರುತ್ತದೆ.

ಸುಮಾ ಟೀಚರ್, ಹಾಸನ ಕಡೆ

ಮಾಡಿ ನೋಡಿದೆ. ಬಿಸಿಯೂಟದ ಅಕ್ಕನ ಹತ್ತಿರ ಬಾಣಲೆ ಕೇಳಿ ಕಾಳು ಹುರಿದೆ. ಮಕ್ಕಳು ಎದುರಿಗೇ ನಿಂತು ನೋಡಿದರು. ದಾರ ಅವರೇ ಕಟ್ಟಿದರು.

ಸೋಮವಾರ ಸಂಜೆ ಎರಡೂ ಕಾಳು ಊದಿದ್ದವು. ನಾಗರಾಜ್ ಸರ್ ಹೇಳಿದ ಹಾಗೆ ಎಲ್ಲರೂ ಎರಡಕ್ಕೂ ಜೀವ ಬಂತು ಅಂತ ಕೂಗಿದರು. ನಾನು ಏನೂ ಹೇಳಲಿಲ್ಲ. ಮಂಗಳವಾರ ಕೆಂಪು ದಾರದ ಗಂಟಿನಲ್ಲಿ ಬಿಳಿ ಚುಕ್ಕೆಗಳು. ಬುಧವಾರ ಬೇರು ಬಟ್ಟೆಯ ಎಳೆಯೊಳಗೆ ನುಗ್ಗಿ ಕಾಳು ಬಿಡಿಸಲು ಬರದ ಹಾಗೆ ಹಿಡಿದುಕೊಂಡಿತ್ತು. ಬಿಳಿ ದಾರದ ಗಂಟು ಬಿಚ್ಚಿದಾಗ ಲೋಳೆ ಲೋಳೆ, ಹುಳಿ ವಾಸನೆ. ಮೂಗು ಮುಚ್ಚಿಕೊಂಡು ಓಡಿದರು. ಕಲ್ಲು ಹಾಗೇ ಇತ್ತು. ಸ್ವಲ್ಪ ಕಪ್ಪಗಾಗಿದೆ ಅಂತ ಒಬ್ಬ ಹೇಳಿದ, ಒಣಗಲು ಬಿಸಿಲಿಗೆ ಇಟ್ಟೆವು, ಮೊದಲಿನ ಬಣ್ಣ ಬಂತು.

ಚಿತ್ರಗಳ ಬಗ್ಗೆ ಹೇಳಲೇಬೇಕು. ಎರಡು ಗುಡ್ಡ ಯಾರೂ ಬರೆಯಲಿಲ್ಲ! ಡಬ್ಬಿಯ ಮಾತು ಹೇಳಿದ್ದ ಹುಡುಗಿ ಕಾಳಿನ ಸಿಪ್ಪೆ ಒಡೆದದ್ದನ್ನೂ ಬರೆದಿದ್ದಾಳೆ, ಬೇರು ಕೊಕ್ಕೆ ಥರ ಬಾಗಿದೆ. ಅವಳು ಹೇಳಿದ್ದು: "ಇದು ಡಬ್ಬಿಯಲ್ಲಿ ಮಲಗಿತ್ತು. ಹುರಿದದ್ದು ಸತ್ತಿತ್ತು." ಒಂದನೇ ತರಗತಿಯ ಹುಡುಗ ಬೇರಿಗೆ ಬಾಲ ಅಂದ, ಇಲಿಯ ಬಾಲದ ಹಾಗೆ ಬರೆದ. ಇಬ್ಬರು ಮಾತ್ರ ಎರಡು ಎಲೆ ಬರೆದರು. ಅವರನ್ನು ಮತ್ತೆ ಕಾಳಿನ ಹತ್ತಿರ ಕೂರಿಸಿ ಎಲೆ ಎಲ್ಲಿದೆ ತೋರಿಸು ಅಂದೆ, ಅಳಿಸಿ ಮತ್ತೆ ಬರೆದರು.

ಒಂದು ತೊಡಕು ಬಂತು. ಕೆಂಪು ದಾರದ ಗಂಟಿನಲ್ಲಿ ಏಳೆಂಟು ಕಾಳು ಊದಲೇ ಇಲ್ಲ, ಮೊಳೆಯಲೂ ಇಲ್ಲ. ಮೊದಲಿನ ಹಾಗೇ ಸಣ್ಣಗೆ, ಗಟ್ಟಿಯಾಗಿ ಇದ್ದವು. ಮಕ್ಕಳು ಅವನ್ನು ತೆಗೆದು ಕಲ್ಲಿನ ಲೋಟಕ್ಕೆ ಹಾಕಿಬಿಟ್ಟರು. ಅವು ಸತ್ತಿದ್ದವಾ ಸರ್?

ನಾಗರಾಜ್, ಬೀಜ ಪರೀಕ್ಷೆ (ನಿವೃತ್ತ)

ಮೇಡಂ, ಬಹುಶಃ ಬದುಕಿವೆ. ಎಸೆಯಬೇಡಿ.

ಹೆಸರಿನಲ್ಲಿ ಕೆಲವು ಕಾಳಿನ ಸಿಪ್ಪೆ ನೀರನ್ನೇ ಒಳಗೆ ಬಿಡಲ್ಲ. ಉಸಲಿ ತಿನ್ನುವಾಗ ಹಲ್ಲಿಗೆ ಕಟಕ್ ಅಂತ ಸಿಗುತ್ತದಲ್ಲ, ಅವೇ. ಲ್ಯಾಬಿನಲ್ಲಿ ನೂರು ನೂರರಂತೆ ನಾಲ್ಕು ಗುಂಪು ಕಾಳು ಇಟ್ಟು ಮೊಳಕೆ ಎಣಿಸುವಾಗ ಇವನ್ನು ಸತ್ತ ಬೀಜದ ಲೆಕ್ಕಕ್ಕೆ ಸೇರಿಸಲ್ಲ, ಗಟ್ಟಿ ಬೀಜ ಅಂತಲೇ ಬೇರೆ ಬರೆಯುತ್ತೇವೆ. ಸತ್ತ ಕಾಳಾದರೆ ಊದಿ, ಮೆತ್ತಗಾಗಿ, ಒತ್ತಿದರೆ ಪಿಚಕ್ ಅಂತ ಒಡೆಯುತ್ತದೆ, ಬೂಷ್ಟು ಹಿಡಿಯುತ್ತದೆ. ಇದು ಗಟ್ಟಿಯಾಗೇ ಇರುತ್ತದೆ.

ಆ ಏಳೆಂಟು ಕಾಳನ್ನು ಸಿಮೆಂಟ್ ನೆಲದ ಮೇಲೆ ಒಂದೆರಡು ಸಲ ಉಜ್ಜಿ. ಸಿಪ್ಪೆಗೆ ಗೀರು ಬಿದ್ದರೆ ಸಾಕು, ಒಳಗಿನ ಹಳದಿ ಕಾಣುವಷ್ಟು ತೇಯಬೇಡಿ. ಬಿಳಿ ಗೆರೆ ಇರುವ ಕಡೆ ಬಿಟ್ಟು ಇನ್ನೊಂದು ಬದಿ ಉಜ್ಜಿ. ಮತ್ತೆ ನೆನೆಸಿ. ಈಗ ನೋಡಿ, ಊದಿದ್ದು ಸತ್ತಿತ್ತು, ಊದದೇ ಇದ್ದದ್ದು ಬದುಕಿತ್ತು. ದೊಡ್ಡ ಮಕ್ಕಳಿಗೆ ಅದನ್ನು ತೋರಿಸಿ, ಒಂದನೇ ತರಗತಿಯವರಿಗೆ ತಲೆ ಕೆಡಬಹುದು.

ಗಿರೀಶ್ ಬಿ.

ಹುರಿದದ್ದಕ್ಕೆ ಲೋಳೆ, ವಾಸನೆ ಬಂತು ಅಂದ್ರಲ್ಲ. ಅಂದರೆ ಅದರಲ್ಲಿ ಜೀವ ಇದ್ದದ್ದಕ್ಕೆ ಕೊಳೆತಿದ್ದು ಅಲ್ವಾ? ಕಲ್ಲು ಕೊಳೆಯಲಿಲ್ಲವಲ್ಲ.

ನಾಗರಾಜ್, ಬೀಜ ಪರೀಕ್ಷೆ (ನಿವೃತ್ತ)

ಪ್ರಶ್ನೆ ಚೆನ್ನಾಗಿದೆ. ಕೊಳೆಸಿದವರು ಬೇರೆಯವರು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಸತ್ತ ಕಾಳನ್ನು ತಿನ್ನುತ್ತಿವೆ. ಕಲ್ಲಿನಲ್ಲಿ ಅವುಗಳಿಗೆ ತಿನ್ನಲು ಏನೂ ಇಲ್ಲ. ಒಂದು ಲೆಕ್ಕದಲ್ಲಿ ಬಿಳಿ ದಾರದ ಗಂಟಿನಲ್ಲಿ ಕೆಂಪು ದಾರದ್ದಕ್ಕಿಂತ ಹೆಚ್ಚು ಜೀವಿಗಳು ಇದ್ದಿರಬಹುದು, ಕಾಳು ಮಾತ್ರ ಅವುಗಳಲ್ಲಿ ಒಂದಲ್ಲ. ಇದನ್ನೂ ಹಾಳೆಗೆ ಹಾಕಲು ಹೋಗಬೇಡಿ! ಲೋಳೆ ಮುಟ್ಟಿದ ಮಕ್ಕಳ ಕೈ ಸೋಪು ಹಾಕಿ ತೊಳೆಸಿ. ಮೊಳಕೆಯನ್ನೂ ತಿನ್ನಲು ಕೊಡಬೇಡಿ, ಎಷ್ಟೋ ಕೈ ಮುಟ್ಟಿರುತ್ತವೆ.

ಸುಮಾ ಟೀಚರ್, ಹಾಸನ ಕಡೆ

ತಿದ್ದಿದ ಹಾಳೆ ಹೀಗಿದೆ. ಬೇಕಾದವರು ಬಳಸಿಕೊಳ್ಳಿ.

ಮೇಲ್ಭಾಗ: ಹತ್ತು ಚಿತ್ರ. ಹಸು, ಇರುವೆ, ಮೀನು, ತೆಂಗಿನ ಮರ, ಹುಲ್ಲು, ಹೊಳೆಕಲ್ಲು, ಕೊಡ, ಬಸ್ಸು, ಸೂರ್ಯ, ಸ್ಟೀಲ್ ಲೋಟ. ಯಾವುದಕ್ಕೂ ಮುಖ ಬರೆದಿಲ್ಲ, ಹಸು ಮತ್ತು ಮೀನಿಗೆ ಇರುವ ಕಣ್ಣು ಬಿಟ್ಟರೆ. ಎರಡು ಕಾಲಂ. ಚಿತ್ರ ಅಂಟಿಸುವ ಮೊದಲು ಪಕ್ಕದವರಿಗೆ ಕಾರಣ ಹೇಳಬೇಕು.

ನಡುವೆ ಒಂದು ಪ್ರಶ್ನಾರ್ಥಕ ಚಿಹ್ನೆಯ ಚೌಕ. ಅಲ್ಲಿ ನಿಜವಾದ ಒಂದು ಹೆಸರುಕಾಳು ಅಂಟಿಸುತ್ತೇವೆ. ಸೋಮವಾರ "ಜೀವ ಇದೆ" ಅನ್ನುವವರು ಟಿಕ್, "ಇಲ್ಲ" ಅನ್ನುವವರು ಸೊನ್ನೆ. ಬುಧವಾರ ಬೇರೆ ಬಣ್ಣದಲ್ಲಿ ಮತ್ತೊಮ್ಮೆ. ಮೊದಲಿನದನ್ನು ಅಳಿಸುವ ಹಾಗಿಲ್ಲ.

ಕೆಳಗೆ ಮೂರು ಚೌಕ, ಮೂರು ದಾರದ ಚಿತ್ರಕ್ಕೆ. ಒಂದೊಂದರ ಕೆಳಗೆ ಒಂದು ಗೆರೆ, ಮಗು ಹೇಳಿದ್ದನ್ನು ನಾನು ಬರೆಯೋಕೆ. ಎರಡು–ಮೂರನೇ ತರಗತಿಯವರು ತಾವೇ ಬರೆಯುತ್ತಾರೆ.

ಶಶಿಕಲಾ ಮೇಡಂ, ನಿಮ್ಮ ಮೂರನೇ ಕಾಲಂ ಅನ್ನು ಮೂರನೇ ತರಗತಿಯವರಿಗೆ ಮಾತ್ರ ಬೇರೆ ಹಾಳೆಯಲ್ಲಿ ಕೊಡೋಣ ಅಂತಿದ್ದೇನೆ. ಸೂರ್ಯನನ್ನು ಈ ಸಲವೂ ಐದಾರು ಮಕ್ಕಳು ಜೀವಿ ಕಡೆ ಹಾಕಿದ್ದಾರೆ, ಮುಖ ಇಲ್ಲದಿದ್ದರೂ. "ಬೆಳಗ್ಗೆ ಏಳ್ತಾನೆ, ರಾತ್ರಿ ಮಲಗ್ತಾನೆ" ಅಂತಾರೆ. ಅದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ.

ಬಸವರಾಜ ಮಾಸ್ತರ್, ಕೊಪ್ಪಳ

ಹಾಳೆ ಚಲೋ ಆಗೇದ ಮೇಡಂ. ನಮ್ಮ ಕಡೆ ಹೆಸರು ಬಿಟ್ಟು ಬೇರೆ ಕಾಳು ನಡೀತದೇನು? ತೊಗರಿಬೇಳೆ ಪ್ರತಿ ಮನ್ಯಾಗೂ ಇರ್ತದ, ಮಕ್ಕಳೇ ತರ್ತಾರ.

ನಾಗರಾಜ್, ಬೀಜ ಪರೀಕ್ಷೆ (ನಿವೃತ್ತ)

ಬೇಳೆ ಬೇಡ ಸರ್. ಸಿಪ್ಪೆ ತೆಗೆದು ಎರಡು ಹೋಳು ಮಾಡುವಾಗ ಮೊಳಕೆಯ ಮೂಲವೇ ಹೋಗಿರುತ್ತದೆ. ಇಡೀ ತೊಗರಿ ಕಾಳು ಆಗುತ್ತದೆ. ರಾಗಿ, ಸಾಸಿವೆ ಮೊಳೆಯುತ್ತವೆ, ಆದರೆ ಚಿತ್ರ ಬರೆಯಲು ತೀರಾ ಸಣ್ಣವು. ಅಲಸಂದೆ ದೊಡ್ಡದು, ಒಂದನೇ ತರಗತಿಯ ಕೈಗೆ ಚೆನ್ನ. ಮಡಕೆ ಕಾಳು ನಿಮ್ಮ ಕಡೆ ಸುಲಭವಾಗಿ ಸಿಗುತ್ತದಲ್ಲ, ಅದೂ ಬೇಗ ಮೊಳೆಯುತ್ತದೆ. ಯಾವುದಾದರೂ ಸರಿ, ಅಂಗಡಿಯಿಂದ ತಂದ ಮೇಲೆ ನೀವು ಮೊದಲು ಮನೆಯಲ್ಲಿ ಒಂದು ಹಿಡಿ ಕಟ್ಟಿ ನೋಡಿ. ಹಳೇ ದಾಸ್ತಾನಾದರೆ ಹಸಿ ಕಾಳೂ ಮೊಳೆಯಲ್ಲ, ಆಗ ಎರಡು ಗಂಟಿಗೂ ವ್ಯತ್ಯಾಸವೇ ಇರಲ್ಲ.